ಸಂಬಳದ ದಿನವೇ ಡಾಲರ್: ಜಿಂಬಾಬ್ವೆಯ ಮನೆಗಳು ತಮ್ಮ ನೋಟನ್ನು ಕೈಬಿಟ್ಟ ಬಗೆ

ಜಿಂಬಾಬ್ವೆಯ ಎರಡನೇ ದೊಡ್ಡ ಊರು ಬುಲವಾಯೊ. ಅಲ್ಲಿನ ಫೋರ್ಟ್ ಸ್ಟ್ರೀಟಿನ ಬದಿಯಲ್ಲಿ ನೋಟು ಬದಲಾಯಿಸಿಕೊಡುವ ಹೆಂಗಸರು ಕೂರುತ್ತಿದ್ದರು. ಜನ ಆ ಜಾಗಕ್ಕೆ ‘ವರ್ಲ್ಡ್ ಬ್ಯಾಂಕ್’ ಅಂತ ಹೆಸರಿಟ್ಟಿದ್ದರು. ಆ ಹೆಂಗಸರಿಗೂ ಒಂದು ಹೆಸರಿತ್ತು: ‘ಒಸಿಫಾಥೆಲೇನಿ’. ಎನ್‌ದೆಬೆಲೆ ಭಾಷೆಯಲ್ಲಿ ಹೆಚ್ಚುಕಡಿಮೆ ‘ನಮಗೇನು ತಂದಿರಿ?’ ಎಂದರ್ಥ. ಹಾಗೆ ಬೀದಿಯಲ್ಲಿ ವಿದೇಶಿ ನೋಟು ಕೊಂಡು ಮಾರುವುದು ಕಾನೂನಿಗೆ ವಿರುದ್ಧವಾಗಿತ್ತು. ಪೊಲೀಸರು ಬಂದಾಗ ಅವರು ಎದ್ದು ಹೋಗುತ್ತಿದ್ದರು, ಪೊಲೀಸರು ಹೋದ ಮೇಲೆ ಬಂದು ಕೂರುತ್ತಿದ್ದರು.

ಜಿಂಬಾಬ್ವೆ ಅಂದ ತಕ್ಷಣ ಎಲ್ಲರೂ ತೋರಿಸುವುದು 2009ರ ಜನವರಿಯಲ್ಲಿ ಬಂದ 100 ಟ್ರಿಲಿಯನ್ ಜಿಂಬಾಬ್ವೆ ಡಾಲರಿನ ನೋಟನ್ನು. ಒಂದರ ಮುಂದೆ 14 ಸೊನ್ನೆ, ಅಂದರೆ ಕೋಟಿ ಕೋಟಿ. ನೋಡಲು ಮಜವಾಗಿದೆ ನಿಜ. ಆದರೆ ಆ ನೋಟು ಬರುವ ಹೊತ್ತಿಗೆ ಕಥೆ ಬಹುತೇಕ ಮುಗಿದುಹೋಗಿತ್ತು. ಜನ ತಮ್ಮ ಹಣವನ್ನು ಬಿಟ್ಟು ಆಗಲೇ ಅಮೆರಿಕದ ಡಾಲರಿಗೆ, ದಕ್ಷಿಣ ಆಫ್ರಿಕಾದ ರಾಂಡಿಗೆ ಹೋಗಿಯಾಗಿತ್ತು. ಹಾಗೆ ಹೋದದ್ದು ಯಾವ ಹಂತಗಳಲ್ಲಿ? ಮತ್ತೆ ವಾಪಸ್ ಬರಲು ಯಾಕೆ ಒಪ್ಪುತ್ತಿಲ್ಲ? ನನಗೆ ನೋಟಿಗಿಂತ ಕುತೂಹಲ ಇದರಲ್ಲೇ.

ಮೂವತ್ತು ಕಿಲೋ ಹಿಟ್ಟಿನ ಲೆಕ್ಕ

ಒಂದು ಮನೆಯನ್ನು ಊಹಿಸಿಕೊಳ್ಳಿ. ತಿಂಗಳ ಮೊದಲ ದಿನ ಸಂಬಳ ಬರುತ್ತದೆ. ಆ ದಿನದ ಬೆಲೆಯಲ್ಲಿ ಆ ಸಂಬಳಕ್ಕೆ 30 ಕಿಲೋ ಮೆಕ್ಕೆಜೋಳದ ಹಿಟ್ಟು ಸಿಗುತ್ತದೆ. ಮನೆಯವರು ಹಣವನ್ನು 30 ಪಾಲು ಮಾಡಿ ದಿನಕ್ಕೊಂದು ಪಾಲು ಖರ್ಚು ಮಾಡುತ್ತಾರೆ. ಬೆಲೆ ಏರದಿದ್ದರೆ ತಿಂಗಳಿಗೆ 30 ಕಿಲೋ ಪೂರ್ತಿ ಸಿಗುತ್ತದೆ.

ಈಗ ಬೆಲೆ ತಿಂಗಳಿಗೆ ಶೇ. 5ರಷ್ಟು ಏರುತ್ತಿದೆ ಅನ್ನಿ. ಕೊನೆಯ ವಾರದ ಪಾಲುಗಳಿಗೆ ಸ್ವಲ್ಪ ಕಡಿಮೆ ಹಿಟ್ಟು ಬರುತ್ತದೆ. ಒಟ್ಟು 29 ಕಿಲೋ ಚಿಲ್ಲರೆ. ಬೇಸರ ಆಗುತ್ತದೆ, ಆದರೆ ಯಾರೂ ಇದಕ್ಕಾಗಿ ತಮ್ಮ ದೇಶದ ಹಣ ಬಿಡುವುದಿಲ್ಲ. ಯಾಕೆಂದರೆ ಬಿಡುವುದಕ್ಕೂ ಖರ್ಚಿದೆ. ಸಂಬಳವನ್ನು ಡಾಲರಿಗೆ ಬದಲಾಯಿಸುವಾಗ ದಲ್ಲಾಳಿ ಶೇ. 5 ಹಿಡಿದುಕೊಂಡ, ಖರ್ಚಿಗೆ ವಾಪಸ್ ಬದಲಾಯಿಸುವಾಗ ಮತ್ತೆ ಶೇ. 5 ಹಿಡಿದುಕೊಂಡ ಅಂದುಕೊಳ್ಳಿ. ಕೈಗೆ ಉಳಿಯುವುದು 27 ಕಿಲೋ ಲೆಕ್ಕ. ಸುಮ್ನೆ ತಮ್ಮ ನೋಟನ್ನೇ ಇಟ್ಟುಕೊಂಡಿದ್ದರೆ 29 ಸಿಗುತ್ತಿತ್ತು.

ಬೆಲೆ ತಿಂಗಳಿಗೆ ಶೇ. 50 ಏರಿದರೆ ಲೆಕ್ಕ ತಿರುಗುತ್ತದೆ. ಹಳೇ ರೀತಿಯಲ್ಲಿ ದಿನಕ್ಕೊಂದು ಪಾಲು ಖರ್ಚು ಮಾಡಿದರೆ ಸಿಗುವುದು 25 ಕಿಲೋಗಿಂತ ತುಸು ಕಡಿಮೆ. ಡಾಲರ್ ದಾರಿಯಲ್ಲಿ 27. ಈಗ ದಲ್ಲಾಳಿಯ ಕಮಿಷನ್ ಕೊಟ್ಟರೂ ಲಾಭವೇ. ಫಿಲಿಪ್ ಕೇಗನ್ ಎಂಬ ಅರ್ಥಶಾಸ್ತ್ರಜ್ಞ 1956ರಲ್ಲಿ ತಿಂಗಳಿಗೆ ಶೇ. 50 ಎಂಬ ಗಡಿಯನ್ನೇ ಹೈಪರ್‌ಇನ್‌ಫ್ಲೇಶನ್ನಿಗೆ, ಅಂದರೆ ಅತಿ ಹಣದುಬ್ಬರಕ್ಕೆ, ಗುರುತಾಗಿ ಇಟ್ಟುಕೊಂಡರು. ಆ ಸಂಖ್ಯೆಯಲ್ಲಿ ಮಂತ್ರವೇನೂ ಇಲ್ಲ, ಎಲ್ಲೋ ಒಂದು ಗೆರೆ ಎಳೆಯಬೇಕಿತ್ತು. ಆದರೆ ಅದೇ ವೇಗದಲ್ಲಿ ವರ್ಷ ಕಳೆದರೆ ಬೆಲೆ ಸುಮಾರು 130 ಪಟ್ಟಾಗುತ್ತದೆ ಅಂತ ಗೊತ್ತಾದಾಗ ಗೆರೆ ಅಲ್ಲಿ ಇರುವುದು ಸರಿ ಅನ್ನಿಸುತ್ತದೆ.

ಇನ್ನು ಜಿಂಬಾಬ್ವೆಗೆ ಬನ್ನಿ. 2008ರ ನವೆಂಬರ್ ಮಧ್ಯದಲ್ಲಿ ಬೆಲೆ 24.7 ಗಂಟೆಗೊಮ್ಮೆ ದುಪ್ಪಟ್ಟಾಗುತ್ತಿತ್ತು ಎಂದು ಸ್ಟೀವ್ ಹ್ಯಾಂಕೆ ಮತ್ತು ಅಲೆಕ್ಸ್ ಕ್ವೋಕ್ ಎಂಬ ಸಂಶೋಧಕರು ಅಂದಾಜು ಮಾಡಿದ್ದಾರೆ. ದಿನಕ್ಕೊಮ್ಮೆ ಅಂತಲೇ ಇಟ್ಟುಕೊಳ್ಳೋಣ. ಮೊದಲ ದಿನದ ಪಾಲಿಗೆ ಒಂದು ಕಿಲೋ. ಎರಡನೇ ದಿನಕ್ಕೆ ಅರ್ಧ. ಮೂರನೇ ದಿನಕ್ಕೆ ಕಾಲು. ಹೀಗೆ 30 ದಿನದ್ದೂ ಕೂಡಿಸಿದರೆ ಎರಡು ಕಿಲೋನೂ ತುಂಬುವುದಿಲ್ಲ. ಸಂಬಳ ಬಂದಾಗ 30 ಕಿಲೋ ಇದ್ದದ್ದು, ಕೈಯಲ್ಲಿ ಹಿಡಿದುಕೊಂಡೇ ಎರಡು ಕಿಲೋಗೆ ಇಳಿಯಿತು. ಇಲ್ಲಿ ದಲ್ಲಾಳಿ ಅರ್ಧಕ್ಕರ್ಧ ಕಿತ್ತುಕೊಂಡರೂ ಡಾಲರೇ ವಾಸಿ.

ಮೊದಲು ಓಡುವುದು ಕೂಡಿಟ್ಟ ಹಣ

ಮೇಲಿನ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಶೇ. 5ರ ತಿಂಗಳಲ್ಲಿ ದಿನದ ಖರ್ಚಿನ ಹಣ ಊರ ನೋಟಿನಲ್ಲೇ ಇರಬಹುದು ಎಂದೆ. ಆದರೆ ಅದೇ ಮನೆಯಲ್ಲಿ ಮಗಳ ಓದಿಗೆ ಅಂತ ಒಂದು ವರ್ಷ ತೆಗೆದಿಟ್ಟ ಹಣವೂ ಇರುತ್ತದಲ್ವಾ? ತಿಂಗಳಿಗೆ ಶೇ. 5 ಅಂದರೆ ವರ್ಷದ ಕೊನೆಗೆ 100ರಲ್ಲಿ ಸುಮಾರು 56 ಮಾತ್ರ ಉಳಿಯುತ್ತದೆ. ಈ ಹಣಕ್ಕೆ ಶೇ. 10 ಕಮಿಷನ್ ಏನೇನೂ ಅಲ್ಲ.

ಅಂದರೆ ಒಂದೇ ಮನೆ, ಒಂದೇ ದಿನ, ಎರಡು ಹಣ ಇಟ್ಟುಕೊಳ್ಳುತ್ತದೆ. ನಾಳೆ ಖರ್ಚಾಗುವುದು ಊರ ನೋಟಿನಲ್ಲಿ, ಮುಂದಿನ ವರ್ಷದ್ದು ಡಾಲರಿನಲ್ಲಿ. ಹಣ ಮೂರು ಕೆಲಸ ಮಾಡುತ್ತದೆ: ಕೂಡಿಡಲು, ಬೆಲೆ ಅಳೆಯಲು, ಕೊಟ್ಟು ಕೊಳ್ಳಲು. ದೇಶದ ಹಣ ಈ ಮೂರನ್ನೂ ಒಂದೇ ಸಲ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ಕೂಡಿಡುವ ಕೆಲಸ. ಆಮೇಲೆ ಅಳತೆಯ ಕೆಲಸ. ಕೊಟ್ಟು ಕೊಳ್ಳುವ ಕೆಲಸ ಕೊನೆಗೆ. ಮೊದಲ ಹಂತ ಅಂಗಡಿಯಲ್ಲಿ ಕಾಣಿಸುವುದೇ ಇಲ್ಲ, ಹಾಸಿಗೆಯ ಕೆಳಗೆ ನಡೆದುಹೋಗುತ್ತದೆ. ಹಾಗಾಗಿ ಸರ್ಕಾರಗಳಿಗೆ ತಡವಾಗಿ ಗೊತ್ತಾಗುತ್ತದೆ.

ಈ ಮೊದಲ ಹಂತವೇ ಬೆಂಕಿಗೆ ತುಪ್ಪ ಸುರಿಯುವುದು. ಹೇಗೆ ಅಂತ ಇನ್ನೊಂದು ಸಣ್ಣ ಲೆಕ್ಕದಲ್ಲಿ ನೋಡಿ. ದೇಶದ ಜನರೆಲ್ಲ ಸೇರಿ ಕೈಯಲ್ಲಿ, ಬ್ಯಾಂಕಿನಲ್ಲಿ ಇಟ್ಟುಕೊಂಡ ಹಣದ ಬೆಲೆ 100 ಮೂಟೆ ಹಿಟ್ಟು ಎನ್ನಿ. ಸರ್ಕಾರಕ್ಕೆ ತೆರಿಗೆ ಸಾಲದೆ, ತಿಂಗಳಿಗೆ 10 ಮೂಟೆಯಷ್ಟು ಖರ್ಚನ್ನು ಹೊಸ ನೋಟು ಅಚ್ಚು ಹಾಕಿ ತೂಗಿಸುತ್ತಿದೆ. ಅದಕ್ಕೆ ಇರುವ ಹಣದ ಮೇಲೆ ಸುಮಾರು ಶೇ. 10 ಹೊಸ ಹಣ ಸಾಕು. ಬೆಲೆಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಈಗ ಜನ ಉಳಿತಾಯವನ್ನು ಡಾಲರಿಗೆ ಸಾಗಿಸಿದರು. ಊರ ಹಣದಲ್ಲಿ ಉಳಿದದ್ದು 20 ಮೂಟೆಯ ಬೆಲೆ. ಸರ್ಕಾರದ ಖರ್ಚು ಇಳಿಯಲಿಲ್ಲ. ಅದೇ 10 ಮೂಟೆಗೆ ಈಗ ಶೇ. 50 ಹೊಸ ಹಣ ಬೇಕು. ಜನ ಇನ್ನಷ್ಟು ಹೆದರಿ 10 ಮೂಟೆಗೆ ಇಳಿದರೆ, ಇರುವಷ್ಟೇ ಹಣವನ್ನು ಮತ್ತೆ ಅಚ್ಚು ಹಾಕಬೇಕು. ನೋಟು ಮುದ್ರಿಸುವುದೂ ಒಂದು ಬಗೆಯ ತೆರಿಗೆಯೇ. ಆದರೆ ಜನ ಇಟ್ಟುಕೊಂಡ ಹಣದ ಮೇಲೆ ಮಾತ್ರ ಅದು ಬೀಳುತ್ತದೆ. ಇಟ್ಟುಕೊಳ್ಳುವವರು ಕಡಿಮೆಯಾದಷ್ಟೂ ಉಳಿದವರ ಮೇಲೆ ಜೋರಾಗಿ ಬೀಳುತ್ತದೆ.

ಉಳಿದವರು ಯಾರು ಅಂತ ಕೇಳಿ. ಪಿಂಚಣಿದಾರರು, ಸರ್ಕಾರಿ ಸಂಬಳದವರು, ಹೊರದೇಶದಲ್ಲಿ ಮಕ್ಕಳಿಲ್ಲದವರು. ಜೊಹಾನ್ಸ್‌ಬರ್ಗ್‌ನಲ್ಲೋ ಲಂಡನ್ನಿನಲ್ಲೋ ದುಡಿಯುವ ಮಗನಿದ್ದ ಮನೆಗೆ ರಾಂಡ್, ಪೌಂಡ್ ಬರುತ್ತಿತ್ತು. ಇಲ್ಲದ ಮನೆಯವರು ಕೊನೆವರೆಗೂ ಊರ ನೋಟು ಹಿಡಿದು ಕೂತಿದ್ದರು. ಅವರಿಗೆ ಅದರ ಮೇಲೆ ನಂಬಿಕೆ ಜಾಸ್ತಿ ಅಂತಲ್ಲ, ಬೇರೆ ಸಿಗುತ್ತಿರಲಿಲ್ಲ.

ಸೊನ್ನೆಗಳು ಬಂದದ್ದು, ಹೋದದ್ದು

1980ರಲ್ಲಿ ದೇಶ ಸ್ವತಂತ್ರವಾದಾಗ ಒಂದು ಜಿಂಬಾಬ್ವೆ ಡಾಲರ್ ಅಮೆರಿಕದ ಒಂದು ಡಾಲರಿಗಿಂತ ದುಬಾರಿ. ಇಳಿಜಾರು ಶುರುವಾದದ್ದು 1997ರ ಹೊತ್ತಿಗೆ. ವಿಮೋಚನಾ ಯುದ್ಧದಲ್ಲಿ ಹೋರಾಡಿದವರಿಗೆ ಬಜೆಟ್ಟಿನಲ್ಲಿ ಇಲ್ಲದ ದೊಡ್ಡ ಮೊತ್ತ ಹಂಚಿದರು. ನವೆಂಬರ್ 14ರಂದು ಒಂದೇ ದಿನದಲ್ಲಿ ಕರೆನ್ಸಿ ಕುಸಿಯಿತು. ಮಾರನೇ ವರ್ಷ ಕಾಂಗೋದ ಯುದ್ಧಕ್ಕೆ ಸೈನ್ಯ ಹೋಯಿತು. 2000ದಿಂದ ದೊಡ್ಡ ಬಿಳಿಯ ರೈತರ ಜಮೀನನ್ನು ಅವಸರದಲ್ಲಿ ಕಿತ್ತುಕೊಂಡು ಹಂಚಿದಾಗ ರಫ್ತಿನ ಬೆಳೆಗಳು ಬಿದ್ದವು. ಜಮೀನಿನ ಮೇಲೆ ಸಾಲ ಕೊಟ್ಟಿದ್ದ ಬ್ಯಾಂಕುಗಳೂ ಸೊರಗಿದವು. ಡಾಲರ್ ಬರುವ ದಾರಿ ಬತ್ತಿತು, ಖರ್ಚು ಬತ್ತಲಿಲ್ಲ.

ನಡುವಿನ ಖಾಲಿ ತುಂಬಿದ್ದು ರಿಸರ್ವ್ ಬ್ಯಾಂಕ್. 2003ರ ಕೊನೆಗೆ ಗಿಡಿಯನ್ ಗೊನೊ ಗವರ್ನರ್ ಆದರು. ಬಜೆಟ್ಟಿಗೆ ಬಾರದ ಎಷ್ಟೋ ಸರ್ಕಾರಿ ಖರ್ಚು, ಅಗ್ಗದ ಸಾಲ, ಟ್ರ್ಯಾಕ್ಟರ್ ಹಂಚಿಕೆ ಎಲ್ಲವೂ ಕೇಂದ್ರ ಬ್ಯಾಂಕಿನ ಲೆಕ್ಕದಲ್ಲೇ ನಡೆಯಿತು. 2006ರಲ್ಲಿ ಐಎಂಎಫ್ ಬಾಕಿ ತೀರಿಸಲು ಡಾಲರ್ ಬೇಕಾದಾಗ ನೋಟು ಅಚ್ಚು ಹಾಕಿ ಅದರಿಂದ ಡಾಲರ್ ಕೊಂಡರು! ಅದೇ ವರ್ಷ ಆಗಸ್ಟಿನಲ್ಲಿ ನೋಟಿನಿಂದ ಮೂರು ಸೊನ್ನೆ ತೆಗೆದರು. 2008ರ ಆಗಸ್ಟಿನಲ್ಲಿ ಹತ್ತು. 2009ರ ಫೆಬ್ರವರಿಯಲ್ಲಿ ಹನ್ನೆರಡು. ಒಟ್ಟು 25 ಸೊನ್ನೆ. ಸೊನ್ನೆ ತೆಗೆದರೆ ಲೆಕ್ಕದ ಯಂತ್ರಕ್ಕೆ ಅನುಕೂಲ, ಅಷ್ಟೇ. ಅಚ್ಚು ಹಾಕುವ ಕೈ ನಿಂತಿರಲಿಲ್ಲ.

2007ರ ಜೂನ್ ಕೊನೆಗೆ ಸರ್ಕಾರ ಅಂಗಡಿಗಳಿಗೆ ಬೆಲೆಯನ್ನು ಅರ್ಧಕ್ಕೆ ಇಳಿಸಲು ಆಜ್ಞೆ ಮಾಡಿತು. ಸಾವಿರಾರು ವ್ಯಾಪಾರಿಗಳು ಬಂಧನಕ್ಕೆ, ದಂಡಕ್ಕೆ ಒಳಗಾದರು. ಕೆಲವೇ ದಿನದಲ್ಲಿ ಕಪಾಟುಗಳು ಖಾಲಿ. ಅಂಗಡಿಯವನ ಕಡೆಯಿಂದ ನೋಡಿ: ಇವತ್ತು ಮೂಟೆ ಮಾರಿದ ಹಣದಲ್ಲಿ ನಾಳೆ ಇನ್ನೊಂದು ಮೂಟೆ ತರಬೇಕು. ತರಲಾಗದ ಬೆಲೆಗೆ ಮಾರುವುದಕ್ಕಿಂತ ಮಾರದೇ ಇರುವುದು ಮೇಲು. ಸಾಮಾನು ಹಿಂಬಾಗಿಲಿಗೆ ಹೋಯಿತು. ಹಿಂಬಾಗಿಲಲ್ಲಿ ಡಾಲರ್, ರಾಂಡ್ ಮಾತ್ರ. ಜನರನ್ನು ವಿದೇಶಿ ನೋಟಿನ ಕಡೆಗೆ ಇಷ್ಟು ವೇಗವಾಗಿ ತಳ್ಳಿದ ಆಜ್ಞೆ ಇನ್ನೊಂದಿರಲಿಕ್ಕಿಲ್ಲ.

ಇಲ್ಲೇ ಎರಡನೇ ಹಂತ, ಅಳತೆಯದು. ಮನೆ ಮಾಲೀಕ ಬಾಡಿಗೆಯನ್ನು ಡಾಲರಿನಲ್ಲಿ ಹೇಳುತ್ತಿದ್ದ. ವ್ಯಾಪಾರಿ ಮನಸ್ಸಿನಲ್ಲಿ ಡಾಲರಿನಲ್ಲೇ ಬೆಲೆ ಕಟ್ಟಿ, ಆ ದಿನದ ದರದಿಂದ ಗುಣಿಸಿ ಊರ ನೋಟಿನಲ್ಲಿ ಹೇಳುತ್ತಿದ್ದ. ಪೆಟ್ರೋಲ್ ಕೂಪನ್ನುಗಳು ನೋಟಿನ ಹಾಗೆ ಕೈಯಿಂದ ಕೈಗೆ ಓಡಾಡಿದವು. ಒಂದು ಲೀಟರ್ ಅಂದರೆ ನಾಳೆಯೂ ಒಂದು ಲೀಟರ್, ಅಳತೆಗೆ ಅದೇ ಬೇಕಾದದ್ದು.

ಆದರೆ ಆ ದಿನದ ದರ ಯಾವುದು? ಸರ್ಕಾರಿ ದರವನ್ನು ಯಾರೂ ನಂಬುತ್ತಿರಲಿಲ್ಲ. ರಾಜಧಾನಿ ಹರಾರೆಯವರು ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಓಲ್ಡ್ ಮ್ಯೂಚುವಲ್ ಎಂಬ ವಿಮಾ ಕಂಪನಿಯ ಷೇರು ಹರಾರೆಯಲ್ಲೂ ಲಂಡನ್ನಿನಲ್ಲೂ ಮಾರಾಟವಾಗುತ್ತಿತ್ತು. ಎರಡೂ ಕಡೆ ಅದೇ ಷೇರು. ಹರಾರೆಯ ಬೆಲೆಯನ್ನು ಲಂಡನ್ನಿನ ಬೆಲೆಯಿಂದ ಭಾಗಿಸಿದರೆ ಜಿಂಬಾಬ್ವೆ ಡಾಲರಿನ ನಿಜವಾದ ದರ ಸಿಕ್ಕಿತು. ಪತ್ರಿಕೆ ಓದಲು ಬರುವ ಯಾರಾದರೂ ಮಾಡಬಹುದಾದ ಲೆಕ್ಕ. ಸರ್ಕಾರದ ಅಂಕಿಅಂಶ ಕಚೇರಿ 2008ರ ಜುಲೈಗೆ ವರ್ಷದ ಹಣದುಬ್ಬರ ಶೇ. 23.1 ಕೋಟಿ ಎಂದು ಹೇಳಿ ಮುಂದಿನ ತಿಂಗಳುಗಳದ್ದು ಕೊಡಲಿಲ್ಲ. ಖಾಲಿ ಕಪಾಟಿನಲ್ಲಿ ಬೆಲೆ ಎಲ್ಲಿಂದ ನೋಡಬೇಕು? ಹ್ಯಾಂಕೆ ಮತ್ತು ಕ್ವೋಕ್ ಇದೇ ಷೇರನ್ನು ಹಿಡಿದು ಲೆಕ್ಕ ಮುಂದುವರಿಸಿದರು. ನವೆಂಬರ್ ಮಧ್ಯಕ್ಕೆ ಅವರಿಗೆ ಸಿಕ್ಕ ತಿಂಗಳ ಏರಿಕೆ ಶೇ. 7,960 ಕೋಟಿ. ಹರಾರೆಯ ಷೇರುಪೇಟೆ ನಿಂತಾಗ ಆ ಲೆಕ್ಕವೂ ಅಲ್ಲಿಗೇ ನಿಂತಿತು.

ನೋಟೇ ಸಿಗದ ಅತಿ ಹಣದುಬ್ಬರ

ಓದುವವರಿಗೆ ಒಂದು ವಿಷಯ ವಿಚಿತ್ರ ಅನ್ನಿಸಬಹುದು. ಇಷ್ಟೊಂದು ನೋಟು ಅಚ್ಚಾಗುತ್ತಿದ್ದಾಗಲೇ ನೋಟಿಗೆ ಬರ ಬಂದಿತ್ತು. ಬೆಲೆ ಅಚ್ಚಿನ ಯಂತ್ರಕ್ಕಿಂತ ವೇಗವಾಗಿ ಓಡುತ್ತಿತ್ತು. 2008ರ ಜುಲೈನಲ್ಲಿ ನೋಟಿನ ಕಾಗದ ಕೊಡುತ್ತಿದ್ದ ಜರ್ಮನ್ ಕಂಪನಿಯೂ ಸರಬರಾಜು ನಿಲ್ಲಿಸಿತು. ಬ್ಯಾಂಕುಗಳ ಮುಂದೆ ರಾತ್ರಿಯಿಂದಲೇ ಸಾಲು. ದಿನಕ್ಕೆ ಇಷ್ಟೇ ತೆಗೆಯಬಹುದು ಎಂಬ ಮಿತಿ. ಎಷ್ಟೋ ದಿನ ಆ ಮಿತಿ ಬ್ಯಾಂಕಿಗೆ ಬಂದು ಹೋಗುವ ಬಸ್ಸಿನ ಖರ್ಚಿಗೂ ಸಾಲುತ್ತಿರಲಿಲ್ಲ.

ಇದರಿಂದ ಒಂದೇ ಕರೆನ್ಸಿ ಎರಡಾಯಿತು. ಕೈಯಲ್ಲಿರುವ ಜಿಂಬಾಬ್ವೆ ಡಾಲರಿಗೆ ಒಂದು ಬೆಲೆ, ಬ್ಯಾಂಕಿನ ಲೆಕ್ಕದಲ್ಲಿರುವ ಅದೇ ಡಾಲರಿಗೆ ತೀರಾ ಕಡಿಮೆ ಬೆಲೆ. ಚೆಕ್ ತೆಗೆದುಕೊಳ್ಳುವ ಅಂಗಡಿ, ನಗದಿನ ಬೆಲೆಯ ಎಷ್ಟೋ ಪಟ್ಟು ಬರೆಯಲು ಹೇಳುತ್ತಿತ್ತು. ಚೆಕ್ ಪಾಸಾಗುವ ಹೊತ್ತಿಗೆ ಅದರ ಬೆಲೆ ಉಳಿದಿರುವುದಿಲ್ಲವಲ್ಲ! ಸಂಬಳದವರು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಅವರ ಹಣ ಬ್ಯಾಂಕಿಗೇ ಬರುತ್ತಿತ್ತು, ಅಲ್ಲಿಂದ ಹೊರಗೆ ಬರುತ್ತಿರಲಿಲ್ಲ. ಮೇಷ್ಟ್ರು, ನರ್ಸುಗಳು ಕೆಲಸಕ್ಕೆ ಹೋಗುವುದನ್ನೇ ಬಿಟ್ಟರು. ಶಾಲೆಗಳು ಮುಚ್ಚಿದವು.

ಹಾಗಾದರೆ ಡಾಲರನ್ನಾದರೂ ಬ್ಯಾಂಕಿನಲ್ಲಿ ಇಡಬಹುದಿತ್ತಲ್ಲ? ರಫ್ತುದಾರರು, ಸೇವಾ ಸಂಸ್ಥೆಗಳು ಹಾಗೆ ಇಟ್ಟಿದ್ದರು. ರಿಸರ್ವ್ ಬ್ಯಾಂಕ್ ಅದಕ್ಕೂ ಕೈ ಹಾಕಿತ್ತು. 2009ರಲ್ಲಿ ಗೊನೊ ಅವರೇ ಇದನ್ನು ಒಪ್ಪಿಕೊಂಡರು. ಜನ ಎರಡು ಬೇರೆ ಬೇರೆ ಪಾಠ ಕಲಿತರು. ಊರ ನೋಟು ಬೇಡ ಎನ್ನುವುದು ಒಂದು. ಡಾಲರ್ ಆದರೂ ಬ್ಯಾಂಕಿನಲ್ಲಿ ಬೇಡ, ಕೈಯಲ್ಲಿರಲಿ ಎನ್ನುವುದು ಇನ್ನೊಂದು. ಈ ಎರಡನೆಯದನ್ನು ನೆನಪಿಡಿ, ಮುಂದೆ ಬರುತ್ತದೆ.

ಸರ್ಕಾರ ಕೊನೆಗೆ ಒಪ್ಪಿದ್ದು

2008ರ ಸೆಪ್ಟೆಂಬರಿನಲ್ಲಿ ಕೆಲವು ಅಂಗಡಿಗಳಿಗೆ ಡಾಲರಿನಲ್ಲಿ ಮಾರಲು ಲೈಸೆನ್ಸ್ ಸಿಕ್ಕಿತು. 2009ರ ಜನವರಿ 29ರಂದು ಹಂಗಾಮಿ ಹಣಕಾಸು ಸಚಿವ ಪ್ಯಾಟ್ರಿಕ್ ಚಿನಮಾಸಾ ಬಜೆಟ್ಟಿನಲ್ಲಿ ಎಲ್ಲರಿಗೂ ವಿದೇಶಿ ಕರೆನ್ಸಿ ಬಳಸಲು ಅನುಮತಿ ಕೊಟ್ಟರು. ಫೆಬ್ರವರಿಯಲ್ಲಿ ಸಮ್ಮಿಶ್ರ ಸರ್ಕಾರ ಬಂದು ವಿರೋಧ ಪಕ್ಷದ ಟೆಂಡಾಯ್ ಬಿಟಿ ಹಣಕಾಸು ಸಚಿವರಾದರು. ಸರ್ಕಾರಿ ನೌಕರರಿಗೆಲ್ಲ ತಲಾ 100 ಅಮೆರಿಕನ್ ಡಾಲರ್ ಭತ್ಯೆ. ದೊಡ್ಡ ಅಧಿಕಾರಿಗೂ ಅಷ್ಟೇ, ಕಸ ಗುಡಿಸುವವರಿಗೂ ಅಷ್ಟೇ. ಏಪ್ರಿಲ್ ಹೊತ್ತಿಗೆ ಜಿಂಬಾಬ್ವೆ ಡಾಲರನ್ನು ಅಧಿಕೃತವಾಗಿ ಬದಿಗಿಟ್ಟರು.

ಇದನ್ನು ಸರ್ಕಾರದ ಸುಧಾರಣೆ ಅಂತ ಬರೆಯುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಜನ ಆಗಲೇ ಹೋಗಿದ್ದ ದಾರಿಗೆ ಸರ್ಕಾರ ಆಮೇಲೆ ಬಂದು ಬೋರ್ಡು ನೆಟ್ಟಿತು. ಎಕ್ವಡೋರ್ 2000ದಲ್ಲಿ ಡಾಲರಿಗೆ ಬದಲಾದಾಗ ತನ್ನ ಹಳೇ ನೋಟುಗಳನ್ನು ನಿಗದಿತ ದರದಲ್ಲಿ ವಾಪಸ್ ಕೊಂಡಿತ್ತು. ಜಿಂಬಾಬ್ವೆಯಲ್ಲಿ ಅಂಥದ್ದೇನೂ ಕೂಡಲೇ ನಡೆಯಲಿಲ್ಲ. ಹಳೇ ಖಾತೆಗಳ ಲೆಕ್ಕ ಚುಕ್ತಾ ಮಾಡಿದ್ದು 2015ರಲ್ಲಿ. 175 ಕ್ವಾಡ್ರಿಲಿಯನ್, ಅಂದರೆ 1,75,000 ಟ್ರಿಲಿಯನ್, ಜಿಂಬಾಬ್ವೆ ಡಾಲರ್‌ವರೆಗೆ ಹಣವಿದ್ದ ಖಾತೆಗೆ ಐದು ಅಮೆರಿಕನ್ ಡಾಲರ್ ಕೊಟ್ಟರು. ಜೀವಮಾನವಿಡೀ ಪಿಂಚಣಿಗೆ ಕಟ್ಟಿದವರ ಹಣವೂ ಹೀಗೇ ಕರಗಿಹೋಗಿತ್ತು.

ಆದರೆ ಕಪಾಟುಗಳು ತುಂಬಿದವು, ಅದೂ ವಾರಗಳಲ್ಲಿ. 2009ರಲ್ಲಿ ಡಾಲರ್ ಲೆಕ್ಕದಲ್ಲಿ ಬೆಲೆಗಳು ತುಸು ಇಳಿದವು ಕೂಡ. ವ್ಯಾಪಾರಿಗೆ ಮಾರಿದ ಹಣದಲ್ಲಿ ಮತ್ತೆ ಮಾಲು ತರಬಹುದು ಎಂಬ ಧೈರ್ಯ ಬಂತು. ಬೇರೆ ಏನೂ ಬೇಕಾಗಿರಲಿಲ್ಲ.

ತೊಂದರೆ ಬಂದದ್ದು ಚಿಲ್ಲರೆಯಿಂದ. ಅಮೆರಿಕದ ನೋಟು ವಿಮಾನದಲ್ಲಿ ಬರುತ್ತದೆ, ನಾಣ್ಯ ತರುವುದು ಭಾರಕ್ಕೆ ಗಿಟ್ಟುವುದಿಲ್ಲ. ಒಂದು ಡಾಲರ್ 60 ಸೆಂಟ್ ಬಿಲ್ಲಿಗೆ ಎರಡು ಡಾಲರ್ ಕೊಟ್ಟರೆ ಉಳಿದ 40 ಸೆಂಟಿಗೆ ಏನು? ಕೌಂಟರಿನಾಕೆ ಕೈಗೆ ಮಿಠಾಯಿ ಇಡುತ್ತಿದ್ದಳು, ಇಲ್ಲ ಒಂದು ಪೆನ್ನು, ಇಲ್ಲ ಮುಂದಿನ ಸಲ ತೋರಿಸಲು ಒಂದು ಚೀಟಿ. ರಾಂಡಿನ ನಾಣ್ಯಗಳೂ ಓಡಾಡಿದವು, ಹತ್ತು ರಾಂಡಿಗೆ ಒಂದು ಡಾಲರ್ ಎಂಬ ಒರಟು ಲೆಕ್ಕದಲ್ಲಿ. ಒಂದು ಡಾಲರಿನ ನೋಟುಗಳು ಕೈಯಿಂದ ಕೈಗೆ ಹೋಗಿ ಕಂದು ಬಣ್ಣಕ್ಕೆ ತಿರುಗಿದವು. ಜನ ಅವನ್ನು ಸಾಬೂನು ನೀರಿನಲ್ಲಿ ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದರು. ಕೊಳೆಯಾದ ನೋಟನ್ನು ವಾಪಸ್ ಪಡೆದು ಹೊಸದು ಕೊಡಬೇಕಾದ ಬ್ಯಾಂಕ್ ಇರುವುದು ಇನ್ನೊಂದು ಖಂಡದಲ್ಲಿ. ಹಳ್ಳಿಗಳಲ್ಲಿ ಡಾಲರೇ ಅಪರೂಪ. 2010ರಲ್ಲೂ ಒಂದು ಹಳ್ಳಿಯ ಆಸ್ಪತ್ರೆ ಚಿಕಿತ್ಸೆಗೆ ಶೇಂಗಾ ತೆಗೆದುಕೊಳ್ಳುತ್ತಿತ್ತು.

ಬ್ಯಾಂಕಿನಲ್ಲಿದ್ದ ಡಾಲರ್ ಡಾಲರಾಗಿರಲಿಲ್ಲ

ಬಿಟಿ ಇದ್ದಾಗ ನಿಯಮ ಸರಳ: ಬೇಟೆ ಸಿಕ್ಕಷ್ಟೇ ಊಟ. ತೆರಿಗೆ ಬಂದಷ್ಟೇ ಖರ್ಚು. ಡಾಲರ್ ಬಳಸುವ ದೇಶಕ್ಕೆ ಬೇರೆ ದಾರಿಯೂ ಇಲ್ಲ. ಅಚ್ಚಿನ ಯಂತ್ರ ಬೇರೆಯವರದು. ಡಾಲರ್ ಬೇಕೆಂದರೆ ಏನಾದರೂ ಮಾರಬೇಕು, ಹೊರಗಿರುವವರು ಕಳಿಸಬೇಕು, ಇಲ್ಲ ಸಾಲ ತರಬೇಕು.

ಆದರೆ 2013ರಲ್ಲಿ ಸಮ್ಮಿಶ್ರ ಸರ್ಕಾರ ಮುಗಿದ ಮೇಲೆ ಸರ್ಕಾರ ಒಂದು ಒಳದಾರಿ ಹಿಡಿಯಿತು. ನೋಟು ಅಚ್ಚು ಹಾಕಲು ಬರದಿದ್ದರೇನಂತೆ, ಬ್ಯಾಂಕಿನ ಕಂಪ್ಯೂಟರಿನಲ್ಲಿ ಅಂಕಿ ಬರೆಯಬಹುದಲ್ಲ? ಸರ್ಕಾರ ಸಾಲಪತ್ರ ಕೊಟ್ಟು ಖರ್ಚು ಮಾಡಿತು, ಸಂಬಳ ನೌಕರರ ಖಾತೆಗೆ ಜಮೆಯಾಯಿತು. ಖಾತೆಯಲ್ಲಿ ‘ಡಾಲರ್’ ಅಂತಲೇ ಬರೆದಿತ್ತು. ಅದರ ಹಿಂದೆ ಅಮೆರಿಕದ ನೋಟು ಇರಲಿಲ್ಲ. 2016ರಲ್ಲಿ ಜನ ತೆಗೆಯಲು ಹೋದಾಗ ಮತ್ತೆ ಅದೇ ಸಾಲು, ಅದೇ ಮಿತಿ. ಆ ನವೆಂಬರಿನಲ್ಲಿ ‘ಬಾಂಡ್ ನೋಟು’ ಬಂತು, ಒಂದಕ್ಕೆ ಒಂದು ಡಾಲರ್ ಸಮ ಎಂದು ಸರ್ಕಾರ ಹೇಳಿತು. ಬೀದಿ ಒಪ್ಪಲಿಲ್ಲ. ಒಂದು ವಸ್ತುವಿಗೆ ಮೂರು ಬೆಲೆ: ಅಮೆರಿಕದ ನೋಟಿಗೆ ಒಂದು, ಬಾಂಡ್ ನೋಟಿಗೆ ಒಂದು, ಕಾರ್ಡಿಗೆ ಇನ್ನೊಂದು. ಹಣ ಹಾಳಾಗುತ್ತಿದೆ ಎಂದು ಗೊತ್ತುಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಸರ್ಕಾರದ ದರ ನೋಡಬೇಡಿ. ನಗದು ಕೊಟ್ಟರೆ ಎಷ್ಟು, ಕಾರ್ಡ್ ಕೊಟ್ಟರೆ ಎಷ್ಟು ಅಂತ ಅಂಗಡಿಯಲ್ಲಿ ಕೇಳಿ. ಆ ಅಂತರ ಬೆಳೆಯುತ್ತಿದೆ ಅಂದರೆ ಬ್ಯಾಂಕಿನ ಅಂಕಿಯ ಹಿಂದೆ ಏನೂ ಇಲ್ಲ.

2019ರ ಫೆಬ್ರವರಿಯಲ್ಲಿ ಸರ್ಕಾರ ಒಪ್ಪಿಕೊಂಡಿತು. ಖಾತೆಯಲ್ಲಿದ್ದ ‘ಡಾಲರು’ಗಳು ಬೇರೆಯೇ ಕರೆನ್ಸಿ ಎಂದಾಯಿತು, ಮೊದಲ ದರ ಡಾಲರಿಗೆ 2.5. ರಾತ್ರಿ ಬೆಳಗಾಗುವುದರಲ್ಲಿ ಉಳಿತಾಯ ಐದರಲ್ಲಿ ಎರಡು ಪಾಲಿಗೆ ಇಳಿಯಿತು. ಹತ್ತು ವರ್ಷದ ಹಿಂದೆ ಕಲಿತ ಎರಡನೇ ಪಾಠ ನೆನಪಿದೆಯಲ್ಲ? ಹಾಸಿಗೆಯ ಕೆಳಗೆ ನೋಟು ಇಟ್ಟವರು ಬಚಾವಾದರು, ಬ್ಯಾಂಕನ್ನು ನಂಬಿದವರು ಎರಡನೇ ಸಲ ಕಳೆದುಕೊಂಡರು. ಆ ಜೂನಿನಲ್ಲಿ ವಿದೇಶಿ ಕರೆನ್ಸಿಯನ್ನು ನಿಷೇಧಿಸಿದರು. ಒಂದು ವರ್ಷವೂ ತುಂಬಲಿಲ್ಲ, 2020ರ ಮಾರ್ಚಿನಲ್ಲಿ ಮತ್ತೆ ಬಿಟ್ಟರು.

ವಾಪಸ್ ಬರುವುದು ಯಾಕೆ ಕಷ್ಟ ಎಂಬುದಕ್ಕೆ ಭಯ ಒಂದೇ ಕಾರಣವಲ್ಲ. ನಾನು ಡಾಲರ್ ಇಟ್ಟುಕೊಳ್ಳುವುದು ಅಂಗಡಿಯವನು ತೆಗೆದುಕೊಳ್ಳುತ್ತಾನೆ ಅಂತ. ಅವನು ತೆಗೆದುಕೊಳ್ಳುವುದು ಸಗಟು ವ್ಯಾಪಾರಿ ತೆಗೆದುಕೊಳ್ಳುತ್ತಾನೆ ಅಂತ. ಈ ಸರಪಳಿಯಿಂದ ಒಬ್ಬರೇ ಹೊರಗೆ ಬಂದರೆ ಅವರಿಗೆ ನಷ್ಟ. ಹೊಸ ಕರೆನ್ಸಿ ಚೆನ್ನಾಗಿಯೇ ಇದ್ದರೂ ಮೊದಲು ನಂಬುವವರು ಯಾರು? ಹೋಗುವಾಗ ಮೊದಲು ಹೋದದ್ದು ಕೂಡಿಡುವ ಹಣ. ಬರುವಾಗ ಕೊನೆಗೆ ಬರುವುದೂ ಅದೇ. ದಿನದ ಬಸ್ಸಿಗೆ, ಬ್ರೆಡ್ಡಿಗೆ ಊರ ನೋಟು ಬಳಸಿಯಾರು, ವರ್ಷದ ಉಳಿತಾಯ ಅದರಲ್ಲಿ ಇಡುವುದಿಲ್ಲ.

2024ರ ಏಪ್ರಿಲಿನಲ್ಲಿ ಚಿನ್ನದ ಬೆಂಬಲ ಇದೆ ಎಂದು ‘ಜಿಗ್’ ಎಂಬ ಹೊಸ ಕರೆನ್ಸಿ ಬಂತು, ಡಾಲರಿಗೆ 13.56ರ ದರದಲ್ಲಿ. ಪೊಲೀಸರು ಬೀದಿಯ ನೋಟು ದಲ್ಲಾಳಿಗಳನ್ನು ಮತ್ತೆ ಹಿಡಿದರು. ಪೆಟ್ರೋಲ್ ಬಂಕುಗಳು ಮಾತ್ರ ಡಾಲರನ್ನೇ ಕೇಳುತ್ತಿದ್ದವು. ಸೆಪ್ಟೆಂಬರಿನಲ್ಲಿ ಕೇಂದ್ರ ಬ್ಯಾಂಕೇ ಜಿಗ್ ಬೆಲೆಯನ್ನು ಶೇ. 43ರಷ್ಟು ಇಳಿಸಿತು. ಅದಕ್ಕೆ ಒಂದು ವರ್ಷ ಮೊದಲೇ ನಡೆದದ್ದೊಂದನ್ನು ಹೇಳಬೇಕು. ಡಾಲರ್ ಬಳಸುವ ಅನುಮತಿ 2025ರ ಕೊನೆಗೆ ಮುಗಿಯಬೇಕಿತ್ತು. ಆ ದಿನಾಂಕ ದಾಟುವ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಡಾಲರಿನಲ್ಲಿ ಕೊಟ್ಟ ಸಾಲ ಯಾವುದರಲ್ಲಿ ವಾಪಸ್ ಬರುತ್ತದೋ ಯಾರಿಗೆ ಗೊತ್ತು! 2023ರ ಅಕ್ಟೋಬರಿನಲ್ಲಿ ಸರ್ಕಾರ ಆ ಗಡುವನ್ನು 2030ಕ್ಕೆ ಮುಂದೂಡಿತು.